ಹೋಲ್ಡಿಂಗ್ ಪುಟದ ನಷ್ಟ, ತೆರಿಗೆ ಲೆಕ್ಕದ ನಷ್ಟ

ಮಾರ್ಚ್ ತಿಂಗಳು ಬಂತೆಂದರೆ ಮುಂಬಯಿಯ ಲೋಕಲ್ ರೈಲಿನಲ್ಲಿ ಷೇರಿನ ಮಾತು ಲಾಭವನ್ನು ಬಿಟ್ಟು ನಷ್ಟದ ಕಡೆಗೆ ತಿರುಗುತ್ತದೆ. ವರ್ಷದಲ್ಲಿ ಮಾರಿದ ಷೇರುಗಳ ಲಾಭಕ್ಕೆ ತೆರಿಗೆ ಕಟ್ಟಬೇಕು, ಕೈಯಲ್ಲಿ ಉಳಿದಿರುವ ಕೆಲವು ಷೇರುಗಳು ಕೊಂಡ ಬೆಲೆಗಿಂತ ಕೆಳಗೆ ಬಿದ್ದಿವೆ, ಅವನ್ನು ಮಾರ್ಚ್ 31ರೊಳಗೆ ಮಾರಿ ನಷ್ಟ ತೋರಿಸಿದರೆ ಲಾಭ ಅಷ್ಟರ ಮಟ್ಟಿಗೆ ಕರಗುತ್ತದೆ ಎಂಬುದು ಆ ಮಾತಿನ ಸಾರ. 2024ರ ಜುಲೈ 23ರಿಂದ ಷೇರಿನ ಲಾಭದ ಮೇಲಿನ ತೆರಿಗೆ ದರಗಳು ಏರಿದ ಮೇಲೆ, ಹಿಂದೆ ಇದರ ಗೊಡವೆಗೆ ಹೋಗದಿದ್ದವರೂ ಈ ಲೆಕ್ಕಕ್ಕೆ ಇಳಿದಿದ್ದಾರೆ.

ಉಪಾಯ ಸರಿಯಾದದ್ದೇ, ಕಾನೂನಿಗೆ ಒಪ್ಪುವಂಥದ್ದೇ. ಎಡವುವುದು ನಷ್ಟವನ್ನು ಅಳೆಯುವ ರೀತಿಯಲ್ಲಿ. ಡೊಂಬಿವಲಿಯಲ್ಲಿ ನಮ್ಮದೇ ಕಟ್ಟಡದ ಹಿರಿಯರೊಬ್ಬರು, ಬ್ಯಾಂಕಿನ ಕೆಲಸದಲ್ಲಿದ್ದು ಅಂಕಿಗಳನ್ನು ಚೆನ್ನಾಗಿ ಬಲ್ಲವರು, ಒಂದು ಔಷಧ ಕಂಪನಿಯ ನೂರು ಷೇರು ಮಾರಿ ಹದಿನಾಲ್ಕು ಸಾವಿರ ರೂಪಾಯಿ ನಷ್ಟ ಬುಕ್ ಮಾಡಿದೆನೆಂದು ನಿಶ್ಚಿಂತರಾಗಿದ್ದರು. ರಿಟರ್ನ್ ತುಂಬುವಾಗ ಅದೇ ಮಾರಾಟ ಹದಿನಾರು ಸಾವಿರ ರೂಪಾಯಿ ಲಾಭವಾಗಿ ಎದುರು ನಿಂತಿತು. ಕೈಯಲ್ಲಿರುವ ಷೇರುಗಳನ್ನು ಪಟ್ಟಿಮಾಡುವ ಬ್ರೋಕರ್ ಆ್ಯಪಿನ ಹೋಲ್ಡಿಂಗ್ ಪುಟ ಸುಳ್ಳು ಹೇಳಿರಲಿಲ್ಲ. ಅವರು ಆ ಪುಟಕ್ಕೆ ಕೇಳಿದ ಪ್ರಶ್ನೆ ತಪ್ಪಾಗಿತ್ತು. ಅವರ ಲೆಕ್ಕವನ್ನೇ, ಅಂಕಿಗಳನ್ನು ಸರಳಗೊಳಿಸಿ, 2025-26ರ ಹಣಕಾಸು ವರ್ಷದ ದಿನಾಂಕಗಳಿಗೆ ಹೊಂದಿಸಿ ಇಲ್ಲಿ ಬಿಡಿಸಿ ನೋಡೋಣ.

## ನಷ್ಟ ಬುಕ್ ಮಾಡುವುದೆಂದರೆ

ಕೊಂಡ ಷೇರಿನ ಬೆಲೆ ಇಳಿದ ಮಾತ್ರಕ್ಕೆ ತೆರಿಗೆ ಇಲಾಖೆಯ ದೃಷ್ಟಿಯಲ್ಲಿ ನಷ್ಟವಾಗುವುದಿಲ್ಲ. ಮನೆಯಲ್ಲಿಟ್ಟ ಬಂಗಾರದ ದರ ಇಳಿದರೂ ಬಳೆ ಪೆಟ್ಟಿಗೆಯಲ್ಲಿಯೇ ಇರುವಂತೆ, ಷೇರು ಡಿಮ್ಯಾಟ್ ಖಾತೆಯಲ್ಲಿ ಇರುವವರೆಗೆ ಅದರ ಏರಿಳಿತ ಕಾಗದದ ಮೇಲಿನದು ಮಾತ್ರ. ಮಾರಾಟವಾಗಿ ಷೇರು ಖಾತೆಯಿಂದ ಹೊರಗೆ ಹೋದಾಗಲೇ ಲಾಭವೋ ನಷ್ಟವೋ ಲೆಕ್ಕಕ್ಕೆ ಬರುತ್ತದೆ. ಹೀಗೆ ಕಾಗದದ ನಷ್ಟವನ್ನು ಮಾರಾಟದ ಮೂಲಕ ನಿಜವಾದ ನಷ್ಟವಾಗಿ ಮಾಡಿ, ಅದೇ ಹಣಕಾಸು ವರ್ಷದ ಲಾಭದಿಂದ ಕಳೆಯುವುದನ್ನೇ ನಷ್ಟ ಬುಕ್ ಮಾಡುವುದು ಎನ್ನುತ್ತಾರೆ. ಷೇರಿನ ನಷ್ಟವನ್ನು ಷೇರು, ಮ್ಯೂಚುವಲ್ ಫಂಡ್, ಮನೆ, ನಿವೇಶನ ಮುಂತಾದ ಆಸ್ತಿಗಳ ಮಾರಾಟದಿಂದ ಬಂದ ಬಂಡವಾಳ ಲಾಭದ ಎದುರಿಗೆ ಮಾತ್ರ ಹೊಂದಿಸಬಹುದು. ಸಂಬಳ, ಬಡ್ಡಿ, ಬಾಡಿಗೆಗಳ ಮೇಲಿನ ತೆರಿಗೆಯನ್ನು ಅದರಿಂದ ತಗ್ಗಿಸಲಾಗದು.

## ಹನ್ನೆರಡು ತಿಂಗಳ ಗೆರೆ

ಷೇರು ಪೇಟೆಯಲ್ಲಿ ನೋಂದಾಯಿತವಾದ ಕಂಪನಿಯ ಷೇರನ್ನು ಹನ್ನೆರಡು ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಂಡು ಮಾರಿದರೆ ಬರುವ ಲಾಭ ಅಥವಾ ನಷ್ಟ ದೀರ್ಘಾವಧಿಯದು. ಹನ್ನೆರಡು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಇಟ್ಟುಕೊಂಡಿದ್ದರೆ ಅಲ್ಪಾವಧಿಯದು. ಅಲ್ಪಾವಧಿ ಲಾಭಕ್ಕೆ ಶೇ. 20ರ ದರ. ದೀರ್ಘಾವಧಿ ಲಾಭದಲ್ಲಿ ವರ್ಷಕ್ಕೆ ಮೊದಲ 1.25 ಲಕ್ಷ ರೂಪಾಯಿಗೆ ತೆರಿಗೆಯಿಲ್ಲ, ಅದಕ್ಕೂ ಮೀರಿದ್ದಕ್ಕೆ ಶೇ. 12.5. ಎರಡರ ಮೇಲೂ ಶೇ. 4ರ ಸೆಸ್ ಸೇರುತ್ತದೆ.

ನಷ್ಟವನ್ನು ಹೊಂದಿಸುವ ನಿಯಮ ಎರಡೂ ಕಡೆಗೆ ಸಮನಾಗಿಲ್ಲ, ಮತ್ತು ಈ ಲೇಖನದ ಮುಂದಿನ ಲೆಕ್ಕಗಳೆಲ್ಲ ಈ ಅಸಮತೆಯ ಮೇಲೆಯೇ ನಿಂತಿವೆ. ಅಲ್ಪಾವಧಿ ನಷ್ಟವನ್ನು ಅಲ್ಪಾವಧಿ ಲಾಭಕ್ಕೂ ದೀರ್ಘಾವಧಿ ಲಾಭಕ್ಕೂ ಹೊಂದಿಸಬಹುದು. ದೀರ್ಘಾವಧಿ ನಷ್ಟವನ್ನು ದೀರ್ಘಾವಧಿ ಲಾಭಕ್ಕೆ ಮಾತ್ರ ಹೊಂದಿಸಬಹುದು. ಆದುದರಿಂದ ಒಂದೇ ಮೊತ್ತದ ಎರಡು ನಷ್ಟಗಳಲ್ಲಿ ಅಲ್ಪಾವಧಿಯದ್ದಕ್ಕೆ ಬೆಲೆ ಹೆಚ್ಚು: ಶೇ. 20 ತೆರಿಗೆ ಬೀಳುವ ಲಾಭವನ್ನು ಅಳಿಸುವ ಶಕ್ತಿ ಅದಕ್ಕಷ್ಟೇ ಇದೆ. ಯಾವ ನಷ್ಟ ಯಾವ ಬಗೆಯದು ಎಂಬುದನ್ನು ತೀರ್ಮಾನಿಸುವುದು ಖರೀದಿಯ ದಿನಾಂಕ, ಆದರೆ ಹೋಲ್ಡಿಂಗ್ ಪುಟದ ಮೊದಲ ನೋಟದಲ್ಲಿ ಕಾಣದೆ ಇರುವುದೂ ಅದೇ.

## ಉಗ್ರಾಣದ ಹಳೆಯ ಮೂಟೆ

ಮಾಟುಂಗಾದ ಒಂದು ಉಡುಪಿ ಹೋಟೆಲಿನ ಉಗ್ರಾಣವನ್ನು ಕಲ್ಪಿಸಿಕೊಳ್ಳಿ. ಬೇರೆ ಬೇರೆ ತಿಂಗಳಲ್ಲಿ, ಬೇರೆ ಬೇರೆ ದರಕ್ಕೆ ಕೊಂಡ ಅಕ್ಕಿ ಮೂಟೆಗಳು ಸಾಲಾಗಿ ನಿಂತಿವೆ. ಅಡುಗೆಯವನು ಮೂಟೆ ಕೇಳಿದಾಗ ಉಗ್ರಾಣದವನು ಮೊದಲು ಬಂದದ್ದನ್ನೇ ಮೊದಲು ಕೊಡುತ್ತಾನೆ, ಇಲ್ಲವಾದರೆ ಹಳೆಯದಕ್ಕೆ ಹುಳು ಬೀಳುತ್ತದೆ. ಮಾಲೀಕರು ಗಲ್ಲಾದಲ್ಲಿ ಕುಳಿತು ಮೂಟೆಗೆ ಸರಾಸರಿ ಇಷ್ಟು ಬಿದ್ದಿದೆ ಎಂದು ಲೆಕ್ಕ ಹಾಕಿಕೊಳ್ಳಬಹುದು, ಆದರೆ ಇಂದು ಒಲೆಗೆ ಹೋದ ಮೂಟೆಗೆ ಸರಾಸರಿ ದರವೆಂಬುದು ಇಲ್ಲ. ಅದಕ್ಕೆ ಕೊಟ್ಟದ್ದು ಅದರದೇ ದರ.

ಡಿಮ್ಯಾಟ್ ಖಾತೆಯೂ ಈ ಉಗ್ರಾಣದ ಹಾಗೆಯೇ. ಕಾಗದದ ಷೇರುಪತ್ರವಿದ್ದ ಕಾಲದಲ್ಲಿ ಪ್ರತಿ ಪತ್ರಕ್ಕೂ ಕ್ರಮಸಂಖ್ಯೆಯಿತ್ತು, ಮಾರುವವನು ಬೇಕಾದ ಪತ್ರವನ್ನು ಆರಿಸಿ ಕೊಡಬಹುದಿತ್ತು. ಡಿಮ್ಯಾಟ್ ಬಂದ ಮೇಲೆ ಷೇರುಗಳಿಗೆ ಗುರುತಿನ ಸಂಖ್ಯೆಯೇ ಇಲ್ಲದೆ ಹೋದುದರಿಂದ, ಮೊದಲು ಖಾತೆಗೆ ಬಂದದ್ದೇ ಮೊದಲು ಹೊರಗೆ ಹೋಯಿತೆಂದು ಭಾವಿಸಬೇಕೆಂಬ ನಿಯಮ ಆದಾಯ ತೆರಿಗೆ ಕಾನೂನಿಗೆ ಸೇರಿತು. ಕೇಂದ್ರ ನೇರ ತೆರಿಗೆ ಮಂಡಳಿ 1998ರ ತನ್ನ 768ನೆಯ ಸುತ್ತೋಲೆಯಲ್ಲಿ ಇದನ್ನು ವಿವರಿಸಿ, ಒಬ್ಬರಿಗೆ ಎರಡು ಡಿಮ್ಯಾಟ್ ಖಾತೆಗಳಿದ್ದರೆ ಈ ಸಾಲನ್ನು ಪ್ರತಿ ಖಾತೆಗೂ ಪ್ರತ್ಯೇಕವಾಗಿ ಎಣಿಸಬೇಕೆಂದೂ ಹೇಳಿದೆ. ಪೇಟೆಯವರು ಇದನ್ನು ಚುಟುಕಾಗಿ ‘ಫಿಫೊ’ ಎನ್ನುತ್ತಾರೆ.

ಹೋಲ್ಡಿಂಗ್ ಪುಟ ತೋರಿಸುವುದು ಗಲ್ಲಾದ ಮಾಲೀಕರ ಸರಾಸರಿಯನ್ನು. ಒಟ್ಟು ಹೂಡಿಕೆ ಎಷ್ಟು ಕುಸಿದಿದೆ ಎಂದು ತಿಳಿಯಲು ಅದು ಸಾಕು. ಇಷ್ಟು ಷೇರು ಮಾರಿದರೆ ಎಷ್ಟು ನಷ್ಟ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ.

## ಔಷಧ ಕಂಪನಿಯ ಮುನ್ನೂರು ಷೇರು

ನಮ್ಮ ಹಿರಿಯರು ಈ ವರ್ಷ ಈಗಾಗಲೇ ಎರಡು ಮಾರಾಟ ಮಾಡಿದ್ದಾರೆಂದು ಇಟ್ಟುಕೊಳ್ಳೋಣ. ಜೂನ್ 2025ರಲ್ಲಿ ಕೊಂಡದ್ದನ್ನು ನವೆಂಬರಿನಲ್ಲಿ ಮಾರಿದ್ದರಿಂದ 90,000 ರೂಪಾಯಿ ಅಲ್ಪಾವಧಿ ಲಾಭ. 2021ರಿಂದ ಇಟ್ಟುಕೊಂಡಿದ್ದ ಇನ್ನೊಂದು ಷೇರಿನಿಂದ 1,60,000 ರೂಪಾಯಿ ದೀರ್ಘಾವಧಿ ಲಾಭ. ಮೊದಲನೆಯದಕ್ಕೆ ತೆರಿಗೆ 18,000. ಎರಡನೆಯದರಲ್ಲಿ 1.25 ಲಕ್ಷ ಕಳೆದು ಉಳಿಯುವ 35,000ಕ್ಕೆ 4,375. ಸೆಸ್ ಸೇರಿದರೆ ಒಟ್ಟು 23,270 ರೂಪಾಯಿ.

ಅವರ ಹೋಲ್ಡಿಂಗ್ ಪುಟದಲ್ಲಿ ಔಷಧ ಕಂಪನಿಯ 300 ಷೇರುಗಳಿವೆ. ಸರಾಸರಿ ಬೆಲೆ 700, ಈಗಿನ ಬೆಲೆ 560, ಕೆಂಪು ಅಕ್ಷರದಲ್ಲಿ 42,000 ರೂಪಾಯಿ ನಷ್ಟ. ನೂರು ಷೇರು ಮಾರಿದರೆ ತಲಾ 140ರಂತೆ 14,000 ನಷ್ಟವೆಂದು ಯಾರಿಗಾದರೂ ತೋರುತ್ತದೆ. ಆ 300 ಷೇರುಗಳು ಬಂದ ಬಗೆ ಮಾತ್ರ ಹೀಗಿದೆ:

- 2023ರ ಆಗಸ್ಟ್ 14: 100 ಷೇರು, ತಲಾ 400 ರೂಪಾಯಿ
- 2025ರ ಮೇ 20: 100 ಷೇರು, ತಲಾ 820 ರೂಪಾಯಿ
- 2025ರ ಅಕ್ಟೋಬರ್ 9: 100 ಷೇರು, ತಲಾ 880 ರೂಪಾಯಿ

ಮಾರ್ಚ್ 10ರಂದು ನೂರು ಷೇರು ಮಾರಿದರೆ ಉಗ್ರಾಣದಿಂದ ಹೊರಗೆ ಹೋಗುವುದು 2023ರ ಮೂಟೆ. ನಾನೂರಕ್ಕೆ ಕೊಂಡದ್ದು ಐನೂರ ಅರವತ್ತಕ್ಕೆ ಹೋಯಿತು, ಅಂದರೆ 16,000 ರೂಪಾಯಿ ದೀರ್ಘಾವಧಿ ಲಾಭ. ನಷ್ಟ ಬುಕ್ ಮಾಡಲು ಹೋಗಿ ತೆರಿಗೆಯ ಹೊರೆಯನ್ನು ಹೆಚ್ಚಿಸಿಕೊಂಡದ್ದು ಹೀಗೆ. ನಿಜವಾದ ನಷ್ಟಗಳು ಆ ಮೂಟೆಯ ಹಿಂದೆ ಸಾಲಿನಲ್ಲಿ ನಿಂತಿವೆ: ಮೇ ತಿಂಗಳದ್ದರಲ್ಲಿ 26,000, ಅಕ್ಟೋಬರಿನದ್ದರಲ್ಲಿ 32,000. ಎರಡೂ ಹನ್ನೆರಡು ತಿಂಗಳಿಗಿಂತ ಹೊಸವಾದ್ದರಿಂದ ಎರಡೂ ಅಲ್ಪಾವಧಿ ನಷ್ಟಗಳು. ಅವನ್ನು ಮುಟ್ಟಬೇಕಾದರೆ ಮುಂದೆ ನಿಂತ ಹಳೆಯ ಮೂಟೆಯನ್ನು ಮೊದಲು ಹೊರಗೆ ಹಾಕಲೇಬೇಕು.

ಹಾಗಾದರೆ ಮುನ್ನೂರನ್ನೂ ಮಾರಿದರೆ? ಪುಟ ತೋರಿಸುವ 42,000 ನಷ್ಟ ಎಂಬ ಒಂದೇ ಅಂಕಿ ತೆರಿಗೆಯ ಲೆಕ್ಕದಲ್ಲಿ ಎರಡಾಗಿ ಒಡೆಯುತ್ತದೆ: 58,000 ಅಲ್ಪಾವಧಿ ನಷ್ಟ, 16,000 ದೀರ್ಘಾವಧಿ ಲಾಭ. ಈ ಒಡಕು ಇಲ್ಲಿ ಹಿರಿಯರಿಗೆ ಅನುಕೂಲಕರವಾಗಿಯೇ ಇದೆ. ಅಲ್ಪಾವಧಿ ಲಾಭ 90,000ದಿಂದ 32,000ಕ್ಕೆ ಇಳಿದು ಅದರ ತೆರಿಗೆ 6,400 ಆಗುತ್ತದೆ. ದೀರ್ಘಾವಧಿ ಲಾಭ 1,76,000ಕ್ಕೆ ಏರಿ, 1.25 ಲಕ್ಷ ಕಳೆದು ಉಳಿಯುವ 51,000ಕ್ಕೆ ತೆರಿಗೆ 6,375 ಆಗುತ್ತದೆ. ಸೆಸ್ ಸೇರಿ ಒಟ್ಟು 13,286. ಮೊದಲಿನ 23,270ಕ್ಕೆ ಹೋಲಿಸಿದರೆ ಉಳಿತಾಯ 9,984 ರೂಪಾಯಿ. ನೂರು ಷೇರು ಮಾರಿ ನಿಲ್ಲಿಸಿದ್ದರೆ ತೆರಿಗೆ ಎರಡು ಸಾವಿರದಷ್ಟು ಹೆಚ್ಚುತ್ತಿತ್ತು.

ಹೊಸ ಖರೀದಿಗಳನ್ನು ಎರಡನೆಯ ಡಿಮ್ಯಾಟ್ ಖಾತೆಯಲ್ಲಿ ಮಾಡಿದ್ದರೆ ಹಳೆಯ ನೂರನ್ನು ಮುಟ್ಟದೆಯೇ ಹೊಸ ಇನ್ನೂರನ್ನು ಮಾರಬಹುದಿತ್ತು. ಇದು ಖರೀದಿಯ ಹೊತ್ತಿನಲ್ಲಿ ಹೊಳೆಯಬೇಕಾದ ಉಪಾಯ. ಮಾರ್ಚಿನಲ್ಲಿ ಹೊಳೆದರೆ ಮುಂದಿನ ವರ್ಷಕ್ಕಷ್ಟೇ ಉಪಯೋಗ.

## ಸಿಮೆಂಟ್ ಕಂಪನಿ ಮತ್ತು ಮಾರ್ಚ್ 24

ಅದೇ ಖಾತೆಯಲ್ಲಿ ಸಿಮೆಂಟ್ ಕಂಪನಿಯ 200 ಷೇರುಗಳೂ ಇವೆ. ಎಲ್ಲವನ್ನೂ ಒಂದೇ ದಿನ, 2025ರ ಮಾರ್ಚ್ 24ರಂದು, ತಲಾ 950ಕ್ಕೆ ಕೊಂಡದ್ದು. ಈಗಿನ ಬೆಲೆ 700. ಇಲ್ಲಿ ಒಂದೇ ಮೂಟೆ ಇರುವುದರಿಂದ ಸರಾಸರಿಯ ಗೊಂದಲವಿಲ್ಲ, ನಷ್ಟ ನೇರವಾಗಿ 50,000. ಇಲ್ಲಿ ಕೈಕೊಡುವುದು ಮಾರಾಟದ ದಿನ.

ಹನ್ನೆರಡು ತಿಂಗಳು ತುಂಬುವ ಮುನ್ನ, ಅಂದರೆ 2026ರ ಮಾರ್ಚ್ 24ಕ್ಕೆ ಮೊದಲೇ ಮಾರಿದರೆ ಇದು ಅಲ್ಪಾವಧಿ ನಷ್ಟ. ಮೇಲಿನ ಮಾರಾಟದ ನಂತರ ಉಳಿದಿದ್ದ 32,000 ಅಲ್ಪಾವಧಿ ಲಾಭವನ್ನು ಅದು ಪೂರ್ತಿ ಅಳಿಸಿ, ಮಿಕ್ಕ 18,000 ದೀರ್ಘಾವಧಿ ಲಾಭದ ಕಡೆಗೆ ಹರಿಯುತ್ತದೆ. 1,76,000 ಈಗ 1,58,000 ಆಗಿ, ತೆರಿಗೆ ಬೀಳುವ ಭಾಗ 33,000 ಮಾತ್ರ ಉಳಿಯುತ್ತದೆ. ಒಟ್ಟು ತೆರಿಗೆ ಸೆಸ್ ಸೇರಿ 4,290.

ಅದೇ ಷೇರನ್ನು ಮಾರ್ಚ್ 27ಕ್ಕೋ 30ಕ್ಕೋ ಮಾರಿದರೆ ನಷ್ಟದ ಮೊತ್ತ ಬದಲಾಗುವುದಿಲ್ಲ, ಜಾತಿ ಬದಲಾಗುತ್ತದೆ. ದೀರ್ಘಾವಧಿ ನಷ್ಟವಾದ ಅದು 32,000 ಅಲ್ಪಾವಧಿ ಲಾಭವನ್ನು ಮುಟ್ಟಲಾರದು. 1,76,000 ದೀರ್ಘಾವಧಿ ಲಾಭವನ್ನು 1,26,000ಕ್ಕೆ ಇಳಿಸಿ ನಿಲ್ಲುತ್ತದೆ. ಆಗ ಒಟ್ಟು ತೆರಿಗೆ 6,786. ಕೆಲವು ದಿನ ತಡಮಾಡಿದ್ದಕ್ಕೆ ತೆರುವ ಬೆಲೆ 2,496 ರೂಪಾಯಿ. ಲಾಭದಲ್ಲಿರುವ ಷೇರಿಗೆ ವರ್ಷ ತುಂಬಲಿ ಎಂದು ಕಾಯುವ ಅಭ್ಯಾಸ ನಮ್ಮಲ್ಲಿ ಬಹಳ ಜನರಿಗಿದೆ, ಅದು ಸರಿಯೂ ಹೌದು. ನಷ್ಟದಲ್ಲಿರುವ ಷೇರಿಗೆ ಆ ಅಭ್ಯಾಸ ತಿರುಗುಬಾಣ.

ಹನ್ನೆರಡು ತಿಂಗಳ ಗಡಿಯ ಮೇಲೆಯೇ ನಿಂತ ದಿನದಂದು ಮಾರಿ ವಾದಕ್ಕೆ ಎಡೆಮಾಡಿಕೊಡುವುದಕ್ಕಿಂತ ಎರಡು ಮೂರು ದಿನ ಮೊದಲೇ ಮುಗಿಸಿಬಿಡುವುದು ಲೇಸು.

## ತಿರುಗಿ ಕೊಳ್ಳುವಾಗ

ಮಾರಿದ ಕಂಪನಿಯ ಮೇಲೆ ನಂಬಿಕೆ ಹೋಗಿರಬೇಕೆಂದೇನಿಲ್ಲ. ತೆರಿಗೆಗಾಗಿ ಮಾರಿ ಅದೇ ಷೇರನ್ನು ಮತ್ತೆ ಕೊಳ್ಳುವವರೇ ಹೆಚ್ಚು. ಅಮೆರಿಕದಲ್ಲಿ ಮಾರಾಟದ ಹಿಂದಿನ ಅಥವಾ ಮುಂದಿನ ಮೂವತ್ತು ದಿನಗಳಲ್ಲಿ ಅದೇ ಷೇರನ್ನು ಕೊಂಡರೆ ಆ ನಷ್ಟವನ್ನು ಆ ವರ್ಷ ಕಳೆಯಲು ಬಿಡುವುದಿಲ್ಲ. ನಮ್ಮಲ್ಲಿ ಅಂಥ ದಿನಗಳ ನಿಯಮವಿಲ್ಲ. ಆದರೆ ಮಾರಾಟ ನಿಜವಾದದ್ದಾಗಿರಬೇಕು: ಷೇರು ಪೇಟೆಯ ಮೂಲಕ, ಪೇಟೆಯ ಬೆಲೆಗೆ, ಷೇರು ಖಾತೆಯಿಂದ ಹೊರಗೆ ಹೋಗಿರಬೇಕು. ಹೆಂಡತಿಯ ಅಥವಾ ಅಣ್ಣನ ಖಾತೆಗೆ ತಮ್ಮತಮ್ಮಲ್ಲೇ ದಾಟಿಸಿ ನಷ್ಟವೆಂದು ತೋರಿಸುವುದು ತನಿಖೆಯನ್ನು ಕರೆದು ತಂದಂತೆ.

ಬಹುಜನ ಬೀಳುವ ಗುಂಡಿ ಬೇರೆಯೇ. ಬೆಳಿಗ್ಗೆ 300 ಷೇರು ಮಾರಿ ಮಧ್ಯಾಹ್ನ ಅದೇ ಪೇಟೆಯಲ್ಲಿ 300 ಷೇರು ಕೊಂಡರೆ ಆ ದಿನದ ಲೆಕ್ಕದಲ್ಲಿ ಎರಡೂ ಒಂದಕ್ಕೊಂದು ವಜಾ ಆಗುತ್ತವೆ. ಡಿಮ್ಯಾಟ್ ಖಾತೆಯಿಂದ ಒಂದು ಷೇರೂ ಕದಲುವುದಿಲ್ಲ. ಹಳೆಯ ಮೂಟೆಗಳು ಹಳೆಯ ದರದಲ್ಲೇ ಉಳಿಯುತ್ತವೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ನಡುವಿನ ಚಿಲ್ಲರೆ ವ್ಯತ್ಯಾಸವಷ್ಟೇ ಇಂಟ್ರಾಡೇ ವ್ಯವಹಾರವೆಂದು ದಾಖಲಾಗುತ್ತದೆ. ಅದನ್ನು ಕಾನೂನು ಸಟ್ಟಾ ವ್ಯಾಪಾರದ ಲಾಭ ನಷ್ಟವೆಂದು ಎಣಿಸುವುದರಿಂದ ಬಂಡವಾಳ ಲಾಭದ ಎದುರಿಗೆ ಅದು ಉಪಯೋಗಕ್ಕೂ ಬಾರದು. ಹೀಗಾಗಿದೆಯೇ ಎಂದು ತಿಳಿಯುವುದು ಸುಲಭ: ಮರುದಿನವೂ ಹೋಲ್ಡಿಂಗ್ ಪುಟದಲ್ಲಿ ಸರಾಸರಿ ಬೆಲೆ 700 ಎಂದೇ ಇದ್ದರೆ ಏನೂ ಬುಕ್ ಆಗಿಲ್ಲ, 560ರ ಆಸುಪಾಸಿಗೆ ಬಂದಿದ್ದರೆ ಮಾರಾಟ ಕೂಡಿಬಂದಿದೆ.

ಆದುದರಿಂದ ಇಂದು ಮಾರಿ ನಾಳೆ ಕೊಳ್ಳಬೇಕು. ನಡುವಿನ ರಾತ್ರಿಯ ಅಪಾಯ ನಮ್ಮದೇ. ಬೆಲೆ ಮರುದಿನ ಶೇ. 4 ಏರಿ ತೆರೆದರೆ ಮೇಲಿನ ಉದಾಹರಣೆಯ 1,68,000 ರೂಪಾಯಿಯ ಷೇರಿಗೆ 6,720 ಹೆಚ್ಚು ಕೊಡಬೇಕಾಗುತ್ತದೆ, ಉಳಿಸಿದ ತೆರಿಗೆಯ ಬಹುಪಾಲು ಅಲ್ಲಿಗೇ ಹೋಗುತ್ತದೆ. ಕಂಪನಿಯ ತ್ರೈಮಾಸಿಕ ಫಲಿತಾಂಶವೋ ದೊಡ್ಡ ಸುದ್ದಿಯೋ ಬರುವ ದಿನಗಳನ್ನು ಇದಕ್ಕೆ ಆರಿಸಿಕೊಳ್ಳಬಾರದು. ಖರ್ಚು ಇದರ ಮುಂದೆ ಸಣ್ಣದು: ಮಾರುವಾಗ ಶೇ. 0.1, ಕೊಳ್ಳುವಾಗ ಶೇ. 0.1ರಂತೆ ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ, ಅಂದರೆ ತಲಾ 168 ರೂಪಾಯಿ, ಖರೀದಿಗೆ ಶೇ. 0.015ರ ಸ್ಟಾಂಪ್ ಶುಲ್ಕ ಸುಮಾರು 25 ರೂಪಾಯಿ. ಇದರ ಮೇಲೆ ಬ್ರೋಕರೇಜು ಮತ್ತು ಡಿಮ್ಯಾಟ್ ಖಾತೆಯಿಂದ ಷೇರು ಇಳಿಸುವುದಕ್ಕೆ ಬೀಳುವ ಡಿಪಿ ಶುಲ್ಕ. ಎಸ್‌ಟಿಟಿಯನ್ನು ಲಾಭ ನಷ್ಟದ ಲೆಕ್ಕದಲ್ಲಿ ಖರ್ಚೆಂದು ಕಳೆಯುವಂತಿಲ್ಲ ಎಂಬುದು ನೆನಪಿನಲ್ಲಿರಲಿ.

ಇನ್ನೂ ಒಂದು ವಿಷಯವನ್ನು ಬಹಳ ಮಂದಿ ತಮಗೆ ತಾವೇ ಹೇಳಿಕೊಳ್ಳುವುದಿಲ್ಲ. ತಿರುಗಿ ಕೊಂಡ ಷೇರಿನ ಕೊಂಡ ಬೆಲೆ ಈಗ 560. ಮುಂದೆ ಎರಡು ವರ್ಷಕ್ಕೆ ಅದು 900 ಆದಾಗ ಮಾರಿದರೆ ಲಾಭ ಷೇರಿಗೆ 340. ಇಂದು ಮುಟ್ಟದೆ ಬಿಟ್ಟಿದ್ದರೆ ಸರಾಸರಿ ಲೆಕ್ಕಕ್ಕೆ 200 ಇರುತ್ತಿತ್ತು. ಅಂದರೆ ಇಂದು ಲೆಕ್ಕದಿಂದ ಕಳೆದ 42,000 ಲಾಭ ನಾಳೆ ಮರಳಿ ಬರುತ್ತದೆ. ಆ ಹೊತ್ತಿಗೆ ಅದು ದೀರ್ಘಾವಧಿಯದಾಗಿದ್ದರೆ ಶೇ. 12.5ರಂತೆ 5,250 ತೆರಿಗೆ ಬಿದ್ದೀತು, 1.25 ಲಕ್ಷದ ಒಳಗೆ ಸೇರಿಹೋದರೆ ಏನೂ ಬೀಳದು. ಇಂದು ಶೇ. 20ರಲ್ಲಿ ಉಳಿಸಿ ನಾಳೆ ಶೇ. 12.5ರಲ್ಲಿ ಕೊಡುವುದು, ನಡುವಿನ ಕಾಲ ಆ ಹಣ ನಮ್ಮ ಬಳಿ ಇರುವುದು, ಇಷ್ಟೇ ಇದರ ನಿಜವಾದ ಗಳಿಕೆ. ಹನ್ನೆರಡು ತಿಂಗಳ ಗಡಿಯಾರವೂ ಮರುಖರೀದಿಯ ದಿನದಿಂದ ಹೊಸದಾಗಿ ಓಡತೊಡಗುತ್ತದೆ. 2023ರಿಂದ ಇದ್ದ ನೂರು ಷೇರಿನ ಹಿರಿತನ ಕೂಡ ಹೋಗಿಬಿಡುತ್ತದೆ. ಆರು ತಿಂಗಳಲ್ಲಿ ಮಗಳ ಕಾಲೇಜು ಶುಲ್ಕಕ್ಕೆಂದು ಮಾರಬೇಕಾಗಿ ಬರುವ ಷೇರಾದರೆ ಈ ಉಪಾಯದಿಂದ ದಕ್ಕುವುದು ಬಹಳ ಕಡಿಮೆ.

## 1.25 ಲಕ್ಷದ ಒಳಗಿರುವವರಿಗೆ

ವರ್ಷದಲ್ಲಿ ಬಂದದ್ದು ದೀರ್ಘಾವಧಿ ಲಾಭ ಮಾತ್ರ, ಅದೂ 1,10,000 ಎಂದುಕೊಳ್ಳಿ. ಅದಕ್ಕೆ ಹೇಗೂ ತೆರಿಗೆಯಿಲ್ಲ. ಈಗ 40,000 ನಷ್ಟ ಬುಕ್ ಮಾಡಿದರೆ ಲಾಭ 70,000ಕ್ಕೆ ಇಳಿಯುತ್ತದೆ, ತೆರಿಗೆ ಮೊದಲೂ ಸೊನ್ನೆ, ಈಗಲೂ ಸೊನ್ನೆ. ವಿನಾಯಿತಿಯನ್ನು ಮೊದಲು ಬಳಸಿಕೊಂಡು ನಷ್ಟವನ್ನು ಮುಂದಿನ ವರ್ಷಕ್ಕೆ ಎತ್ತಿಡುತ್ತೇನೆ ಎನ್ನುವಂತಿಲ್ಲ. ಅದೇ ವರ್ಷದ ಲಾಭಕ್ಕೆ ನಷ್ಟವನ್ನು ಮೊದಲು ಹೊಂದಿಸಿ, ಆ ಮೇಲೆ ಉಳಿದದ್ದಕ್ಕೆ 1.25 ಲಕ್ಷದ ವಿನಾಯಿತಿ ಎಂಬುದು ಕ್ರಮ. ಹೀಗೆ ಮುಂದೆ ಕೆಲಸಕ್ಕೆ ಬರುತ್ತಿದ್ದ ನಷ್ಟವೊಂದು ನಿಷ್ಪ್ರಯೋಜಕವಾಗಿ ಕರಗಿಹೋಗುತ್ತದೆ. ಇಂಥವರು ನಷ್ಟದ ಷೇರನ್ನು ಹಾಗೆಯೇ ಬಿಡುವುದು ಮೇಲು. ವಿನಾಯಿತಿಯಲ್ಲಿ ಉಳಿದಿರುವ 15,000ದಷ್ಟು ಲಾಭವನ್ನು ಬೇರೆ ಹಳೆಯ ಷೇರಿನಲ್ಲಿ ಬುಕ್ ಮಾಡಿ ತಿರುಗಿ ಕೊಂಡು, ಅದರ ಕೊಂಡ ಬೆಲೆಯನ್ನು ಏರಿಸಿಕೊಳ್ಳಲೂಬಹುದು.

## ದಿನಾಂಕಗಳನ್ನು ಎಲ್ಲಿ ಹುಡುಕುವುದು

ಹೋಲ್ಡಿಂಗ್ ಸ್ಟೇಟ್‌ಮೆಂಟ್ ಎಂಬ ಹೆಸರಿನಲ್ಲಿ ಎರಡು ಬೇರೆ ಕಾಗದಗಳು ಸಿಗುತ್ತವೆ. ಡಿಮ್ಯಾಟ್ ಷೇರುಗಳನ್ನು ಕಾಪಿಡುವ, ಮುಂಬಯಿಯಲ್ಲೇ ನೆಲೆಯಿರುವ ಎನ್‌ಎಸ್‌ಡಿಎಲ್ ಮತ್ತು ಸಿಡಿಎಸ್‌ಎಲ್ ಎಂಬ ಎರಡು ಡಿಪಾಸಿಟರಿಗಳು ಕಳಿಸುವ ಸ್ಟೇಟ್‌ಮೆಂಟ್ ಒಂದು. ಅದರಲ್ಲಿ ಎಷ್ಟು ಷೇರು ಇದೆ, ಅಂದಿನ ಮೌಲ್ಯವೆಷ್ಟು, ಯಾವ ದಿನ ಖಾತೆಗೆ ಬಂತು ಅಥವಾ ಹೋಯಿತು ಎಂಬುದಿರುತ್ತದೆ. ಕೊಂಡ ಬೆಲೆ ಇರುವುದಿಲ್ಲ. ಬ್ರೋಕರರ ಪುಟ ಇನ್ನೊಂದು. ಅದರಲ್ಲಿ ಸರಾಸರಿ ಬೆಲೆ ಇರುತ್ತದೆ; ಆ ಷೇರಿನ ಮೇಲೆ ಒತ್ತಿದರೆ ಕೆಲವು ಆ್ಯಪುಗಳಲ್ಲಿ ಖರೀದಿಗಳು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತವೆ. ತೆರೆಯದಿದ್ದರೆ ಪ್ರತಿ ಖರೀದಿ ಮಾರಾಟದ ದಾಖಲೆಯಾದ ಟ್ರೇಡ್‌ಬುಕ್ ಇಳಿಸಿಕೊಂಡು, ಕಂಪನಿಯ ಪ್ರತಿ ಖರೀದಿಯನ್ನು ಹಳೆಯದರಿಂದ ಹೊಸದಕ್ಕೆ ಬರೆದು, ಹಿಂದಿನ ಮಾರಾಟಗಳನ್ನು ಮೇಲಿನಿಂದಲೇ ಹೊಡೆದುಹಾಕುತ್ತಾ ಬರಬೇಕು. ಕೊನೆಗೆ ಉಳಿದ ಸಾಲುಗಳ ಮೊತ್ತ ಡಿಪಾಸಿಟರಿಯ ಸಂಖ್ಯೆಗೆ ತಾಳೆಯಾದರೆ ಪಟ್ಟಿ ಸರಿ. ತಾಳೆಯಾಗದಿದ್ದರೆ ಸಾಮಾನ್ಯವಾಗಿ ನಡುವೆ ಕಂಪನಿ ಪುಕ್ಕಟೆ ಕೊಟ್ಟ ಬೋನಸ್ ಷೇರು, ಷೇರು ವಿಭಜನೆ ಅಥವಾ ಬೇರೆ ಖಾತೆಯಿಂದ ಬಂದ ಷೇರು ಇರುತ್ತದೆ.

ಇವುಗಳಲ್ಲಿ ಬೋನಸ್ಸಿನದ್ದು ವಿಶೇಷ. 2024ರಲ್ಲಿ 600ರಂತೆ ಕೊಂಡ 100 ಷೇರಿಗೆ 2025ರಲ್ಲಿ ಒಂದಕ್ಕೊಂದು ಬೋನಸ್ ಬಂತೆನ್ನಿ. ಪುಟ ಈಗ 200 ಷೇರು, ಸರಾಸರಿ 300 ಎನ್ನುತ್ತದೆ. ಈಗಿನ ಬೆಲೆ 320 ಇದ್ದರೆ ಹಸಿರು ಅಕ್ಷರದಲ್ಲಿ 4,000 ಲಾಭ. ತೆರಿಗೆಯ ಲೆಕ್ಕದಲ್ಲಿ ಬೋನಸ್ ಷೇರಿನ ಕೊಂಡ ಬೆಲೆ ಸೊನ್ನೆ, ಅದರ ದಿನಾಂಕ ಹಂಚಿಕೆಯಾದ ದಿನ. ಮೂಲ ಷೇರಿಗೆ ಅದೇ ಹಳೆಯ 600. ಮೊದಲ ನೂರನ್ನು ಮಾರಿದರೆ ಹೊರಗೆ ಹೋಗುವುದು ಮೂಲ ಷೇರು, ಆಗ 28,000 ನಷ್ಟ! ಹಸಿರಿನ ಅಡಿಯಲ್ಲಿ ಕೆಂಪು ಅಡಗಿ ಕುಳಿತಿದೆ. ಇದನ್ನೇ ನೆಪಮಾಡಿಕೊಳ್ಳದಂತೆ ಕಾನೂನು ಒಂದು ಬೇಲಿ ಹಾಕಿದೆ: ಬೋನಸ್ ಯಾರಿಗೆ ಸಲ್ಲಬೇಕೆಂದು ತೀರ್ಮಾನಿಸುವ ರೆಕಾರ್ಡ್ ದಿನಾಂಕಕ್ಕೆ ಹಿಂದಿನ ಮೂರು ತಿಂಗಳಲ್ಲಿ ಕೊಂಡು, ಆ ದಿನಾಂಕದ ನಂತರದ ಒಂಬತ್ತು ತಿಂಗಳಲ್ಲಿ, ಬೋನಸ್ ಷೇರನ್ನು ಉಳಿಸಿಕೊಂಡು ಮೂಲ ಷೇರನ್ನು ಮಾರಿದರೆ ಆ ನಷ್ಟವನ್ನು ಪರಿಗಣಿಸುವುದಿಲ್ಲ. ವಿಭಜನೆಯಲ್ಲಿ ಇಂಥ ತೊಡಕಿಲ್ಲ, ಬೆಲೆ ಹಂಚಿಹೋಗುತ್ತದೆ, ದಿನಾಂಕ ಹಳೆಯದೇ ಉಳಿಯುತ್ತದೆ.

ತಂದೆಯಿಂದ ಬಂದ ಷೇರುಗಳ ಎದುರಿಗೆ ಬ್ರೋಕರರ ಪುಟ ಕೊಂಡ ಬೆಲೆಯನ್ನು ಖಾಲಿಯಾಗಿ ಬಿಡಬಹುದು. ಅವಕ್ಕೆ ತಂದೆ ಕೊಟ್ಟ ಬೆಲೆ, ತಂದೆ ಕೊಂಡ ದಿನಾಂಕಗಳೇ ಅನ್ವಯಿಸುತ್ತವೆ. 2018ರ ಜನವರಿ 31 ಅಥವಾ ಅದಕ್ಕೂ ಮೊದಲು ಕೊಂಡ ಷೇರಾದರೆ ಆ ದಿನದ ಬೆಲೆಯನ್ನು ಕೊಂಡ ಬೆಲೆಯ ಜಾಗದಲ್ಲಿ ಇಡಲು ಅವಕಾಶವಿದೆ, ಆದರೆ ಮಾರಿದ ಬೆಲೆಯನ್ನು ಮೀರುವಂತಿಲ್ಲ. ನೂರಕ್ಕೆ ಕೊಂಡದ್ದು ಅಂದು 500 ಇದ್ದು ಇಂದು 300ಕ್ಕೆ ಮಾರಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಇಂಥ ಷೇರಿನಲ್ಲಿ ನಷ್ಟ ಹುಡುಕಬೇಡಿ.

## ಮಾರ್ಚಿನ ಕೊನೆಯ ವಾರ ಮತ್ತು ಜುಲೈ

ಇಂದು ಮಾರಿದ ಷೇರು ಮರುದಿನದ ವಹಿವಾಟಿನಲ್ಲಿ ಖಾತೆಯಿಂದ ಇಳಿಯುತ್ತದೆ. ಮಾರ್ಚಿನ ಕೊನೆಯ ದಿನ ಮಾರಿದ್ದು ಇಳಿಯುವುದು ಏಪ್ರಿಲಿನಲ್ಲಿ. ಷೇರು ನಿಜವಾಗಿ ಹಸ್ತಾಂತರವಾಗಿದ್ದರೆ ಬ್ರೋಕರರು ಕೊಡುವ ವ್ಯವಹಾರದ ಚೀಟಿಯಾದ ಕಾಂಟ್ರಾಕ್ಟ್ ನೋಟಿನ ದಿನಾಂಕವನ್ನೇ ಮಾರಾಟದ ದಿನವೆಂದು ಹಿಡಿಯಬೇಕೆಂದು ನೇರ ತೆರಿಗೆ ಮಂಡಳಿಯ 1995ರ 704ನೆಯ ಸುತ್ತೋಲೆ ಹೇಳುತ್ತದೆ. ಆದರೂ ಬ್ರೋಕರರ ತೆರಿಗೆ ವರದಿಯಲ್ಲಿ ಒಂದು ದಿನಾಂಕ, ಆದಾಯ ತೆರಿಗೆ ಪೋರ್ಟಲಿನ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಇನ್ನೊಂದು ದಿನಾಂಕ ಬಂದರೆ ವಿವರಣೆ ಕೊಡುವ ಕೆಲಸ ನಮ್ಮ ತಲೆಗೆ ಬರುತ್ತದೆ. ಇಲ್ಲಿ ಗುಡಿ ಪಾಡ್ವ ಎಂದು ಆಚರಿಸುವ ನಮ್ಮ ಯುಗಾದಿ, ರಾಮನವಮಿ, ಮಹಾವೀರ ಜಯಂತಿಗಳೆಲ್ಲ ಈ ಕಾಲಕ್ಕೇ ಬರುವುದರಿಂದ ಪೇಟೆಯ ರಜೆಗಳೂ ಅಡ್ಡ ಬರುತ್ತವೆ. ತಿಂಗಳ ಮೂರನೆಯ ವಾರದಲ್ಲಿ ಮುಗಿಸಿದವರಿಗೆ ಈ ಕಿರಿಕಿರಿ ಇಲ್ಲ. ವಹಿವಾಟು ನಿಂತುಹೋದ ಕಂಪನಿಯ ಷೇರಿನ ಕಥೆ ಬೇರೆ: ಕೊಳ್ಳುವವರೇ ಇಲ್ಲದ ಮೇಲೆ ಅದರ ಬೆಲೆ ಸೊನ್ನೆಯೆಂದು ನಾವೇ ಬರೆದುಕೊಂಡರೆ ನಷ್ಟ ಬುಕ್ ಆಗುವುದಿಲ್ಲ.

ಲಾಭಕ್ಕಿಂತ ನಷ್ಟ ಹೆಚ್ಚಾಗಿ ಉಳಿದರೆ ಅದನ್ನು ಮುಂದಿನ ಎಂಟು ವರ್ಷಗಳವರೆಗೆ ಒಯ್ಯಬಹುದು, ಅಲ್ಪಾವಧಿ ಮತ್ತು ದೀರ್ಘಾವಧಿಯ ಭೇದ ಆಗಲೂ ಹಾಗೆಯೇ ಇರುತ್ತದೆ. ಆದರೆ ನಷ್ಟವಾದ ವರ್ಷದ ರಿಟರ್ನನ್ನು ಗಡುವಿನೊಳಗೆ, ಸಂಬಳದಾರರಿಗೆ ಸಾಮಾನ್ಯವಾಗಿ ಜುಲೈ 31ರೊಳಗೆ, ಸಲ್ಲಿಸಿರಬೇಕು. ತಡವಾಗಿ ಸಲ್ಲಿಸಿದರೆ ಆ ವರ್ಷದೊಳಗಿನ ಹೊಂದಾಣಿಕೆ ಉಳಿಯುತ್ತದೆ, ಮುಂದಕ್ಕೆ ಒಯ್ಯುವ ಹಕ್ಕು ಹೋಗುತ್ತದೆ. ಸಂಬಳದಾರರು ಅಭ್ಯಾಸಬಲದಿಂದ ತುಂಬುವ ಐಟಿಆರ್-1ರಲ್ಲಿ ನಷ್ಟವನ್ನು ಮುಂದಕ್ಕೆ ಒಯ್ಯಲು ಜಾಗವೇ ಇಲ್ಲ, ಅದಕ್ಕೆ ಐಟಿಆರ್-2 ಬೇಕು. ನಮ್ಮ ಕಟ್ಟಡದ ಹಿರಿಯರು ಈಗ ಪ್ರತಿ ಕಂಪನಿಗೂ ವಹಿಯಲ್ಲಿ ಒಂದು ಪುಟ ಇಟ್ಟಿದ್ದಾರೆ. ಮೇಲಿನ ಸಾಲಿನಲ್ಲಿ ಅತಿ ಹಳೆಯ ಖರೀದಿ, ಅದರ ಮುಂದೆ ಹನ್ನೆರಡು ತಿಂಗಳು ತುಂಬುವ ದಿನ ಕೆಂಪು ಶಾಯಿಯಲ್ಲಿ.